ಅರವತ್ತು ವರ್ಷ ತಪ್ಪಿ ಹೊಲಿದ ಹಾಳೆ

ಬೆಳಗಿನ ಐದೂವರೆ. ಮಠದ ಮೂರನೇ ಮಹಡಿಯ ಕೋಣೆಯಲ್ಲಿ ಒಂದೇ ದೀಪ. ಹೆಂಗಸೊಬ್ಬರು ಸಣ್ಣ ಒಲೆಯ ಮುಂದೆ ನಿಂತು ಗೋಧಿಹಿಟ್ಟಿನ ಗಂಜಿ ತಿರುವುತ್ತಿದ್ದಾರೆ. ಉಣ್ಣುವ ಗಂಜಿಯಲ್ಲ, ಹಾಳೆಗೆ ಹಚ್ಚುವ ಅಂಟು. ಗಂಟಾಗಬಾರದು, ತಳ ಹಿಡಿಯಬಾರದು, ಬೆರಳಿಂದ ಜಾರಿ ಬೀಳುವಷ್ಟು ತೆಳುವಾಗಿರಬೇಕು. ಬಿಸಿಲೇರಿದರೆ ಅಂಟು ಬೇಗ ಆರಿ ಹಾಳೆ ಮುದುಡುತ್ತದೆ, ಆದ್ದರಿಂದ ಇಪ್ಪತ್ನಾಲ್ಕು ವರ್ಷದಿಂದ ಇವರ ದಿನ ಶುರುವಾಗುವುದು ಇದೇ ಹೊತ್ತಿಗೆ. ಮಠದಲ್ಲಿ ಎಲ್ಲರೂ ಇವರನ್ನು ಕರೆಯುವುದು ಗೋಂದಕ್ಕ ಎಂದು. ಅಸಲಿ ಹೆಸರು ಕೇಳಿದರೆ ನಗುತ್ತಾರೆ. "ಅದನ್ನ ನನ್ ತಂಗಿನೂ ಮರ್ತಿದ್ದಾಳೆ, ನೀವ್ಯಾಕೆ ತಲೆ ಕೆಡಿಸ್ಕೋತೀರಿ?"

ಕೆಳಗಿನ ಮಹಡಿಯಿಂದ ಗುರುಪರಂಪರೆಯ ಸ್ತೋತ್ರ ಕೇಳಿಸುತ್ತದೆ. ಪ್ರತಿ ಬೆಳಗ್ಗೆ ಹೇಳುವ ಪಟ್ಟಿ ಅದು. ಶಂಕರಾಚಾರ್ಯರಿಂದ ಮೊದಲಾಗಿ ಈಗಿನ ಸ್ವಾಮಿಗಳವರೆಗೆ ಒಬ್ಬರಾದ ಮೇಲೆ ಒಬ್ಬರು ಗುರುಗಳ ಹೆಸರು ಬರುತ್ತದೆ. ಗೋಂದಕ್ಕ ಬ್ರಷ್ಷು ಕೈಯಲ್ಲಿ ಹಿಡಿದು ಸುಮ್ಮನೆ ಕೇಳುತ್ತಾರೆ. ಒಂದು ಹೆಸರು ಬಂದಾಗ ಅವರ ತುಟಿ ಬಿಗಿಯಾಗುತ್ತದೆ. ನಾನು ಬಂದ ಮೊದಲ ದಿನ ಅದನ್ನು ಗಮನಿಸಿದೆ, ಆದರೆ ಕಾರಣ ಗೊತ್ತಿರಲಿಲ್ಲ.

ನಾನು ಬಂದದ್ದು ಸಾಪ್ತಾಹಿಕ ಪುರವಣಿಗೆ ಒಂದು ಹಗುರವಾದ ಲೇಖನ ಬರೆಯಲು. ಯಾರ ಕಣ್ಣಿಗೂ ಬೀಳದ ಕೆಲಸಗಾರ್ತಿ, ಹಳೆಯ ಹಾಳೆ, ಒಂದೆರಡು ಚೆಂದದ ಫೋಟೋ, ಅಷ್ಟೇ ನನ್ನ ಲೆಕ್ಕಾಚಾರವಾಗಿತ್ತು. ಬಂದ ವಾರ ಮಾತ್ರ ಸರಿಯಿರಲಿಲ್ಲ. ಎರಡನೇ ದಿನ ಅವರು ಬಾಗಿಲು ಮುಂದಕ್ಕೆ ಮಾಡಿ, ಕೆಳಗಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಒಂದು ಹಾಳೆ ಇಟ್ಟು, "ಇದನ್ನ ನಾನು ಹೇಳೋ ತನಕ ಬರೀಬೇಡಿ. ಮೊದ್ಲು ನಾನು ಹೇಳ್ಬೇಕಾದವ್ರಿಗೆ ಹೇಳ್ತೀನಿ" ಎಂದರು. ಅಲ್ಲಿಂದ ನನಗೂ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಗೋಂದಕ್ಕನ ಕೆಲಸದ ಲೆಕ್ಕ ಹೀಗಿದೆ. ಒಳ್ಳೆಯ ದಿನ ಎಂಟು ಹಾಳೆ, ಹುಳ ತಿಂದದ್ದಾದರೆ ಮೂರು. ತೂತಿನ ಆಕಾರಕ್ಕೆ ತೆಳು ಕಾಗದ ಹರಿದು, ಅಂಚಿನ ನಾರು ಬಿಡಿಸಿ, ಕೂರಿಸಿ, ಮೇಲೆ ಒತ್ತುಕಾಗದ ಹಾಕಿ ಕಬ್ಬಿಣದ ತೂಕ ಇಡಬೇಕು. ಕತ್ತರಿ ಮುಟ್ಟಿಸುವಂತಿಲ್ಲ, ಕತ್ತರಿಸಿದ ಅಂಚು ಹಾಳೆಯ ಮೇಲೆ ಗೆರೆಯಾಗಿ ಉಳಿಯುತ್ತದೆ. ಈವರೆಗೆ ಹನ್ನೊಂದು ಸಾವಿರದಷ್ಟು ಹಾಳೆ ಅವರ ಕೈ ದಾಟಿದೆ. ಬಲಗೈ ಹೆಬ್ಬೆರಳ ಸಂದಿನಲ್ಲಿ ನೋವು ಖಾಯಂ. ಗಂಡ ತೀರಿಕೊಂಡ ವರ್ಷ ತಂಗಿಯ ಮನೆಗೆ ಬಂದವರು ಅಲ್ಲೇ ಉಳಿದಿದ್ದಾರೆ. ಪುಸ್ತಕ ಹೊಲಿಯುವ ಅಂಗಡಿಯಲ್ಲಿ ಕಲಿತ ಕೈ, ಮಠದ ಹಳೆಯ ಶಾಸ್ತ್ರಿಗಳೊಬ್ಬರ ಕಣ್ಣಿಗೆ ಬಿದ್ದು ಇಲ್ಲಿಗೆ ಬಂತು. ಆ ಶಾಸ್ತ್ರಿಗಳು ಈಗಿಲ್ಲ, ಎಂಟು ವರ್ಷವಾಯಿತು.

ಈ ಮಠದ ವಿಚಾರ ಸ್ವಲ್ಪ ಹೇಳದಿದ್ದರೆ ಹಾಳೆಯ ಕಥೆ ಅರ್ಥವಾಗುವುದಿಲ್ಲ. ಸಂಪ್ರದಾಯ ಹೇಳುವಂತೆ ಆಚಾರ್ಯರು ನಾಲ್ಕು ದಿಕ್ಕಿಗೆ ನಾಲ್ಕು ಪೀಠ ನಿಲ್ಲಿಸಿ, ನಾಲ್ವರು ಶಿಷ್ಯರನ್ನು ಕೂರಿಸಿ, ಒಂದೊಂದಕ್ಕೆ ಒಂದೊಂದು ವೇದ, ಒಂದೊಂದು ಮಹಾವಾಕ್ಯ ಒಪ್ಪಿಸಿದರು. ಸಂನ್ಯಾಸಿಗಳ ಹೆಸರಿನ ಕೊನೆಗೆ ಬರುವ ತೀರ್ಥ, ಆಶ್ರಮ, ಭಾರತಿ, ಸರಸ್ವತಿ, ಗಿರಿ, ಪುರಿ ಮೊದಲಾದ ಹತ್ತು ಅಂಕಿತಗಳನ್ನೂ ಪೀಠಗಳಿಗೆ ಹಂಚಲಾಯಿತು. ಇತಿಹಾಸಕಾರರು ಇಷ್ಟು ಸಲೀಸಾಗಿ ಒಪ್ಪುವುದಿಲ್ಲ. ಆಚಾರ್ಯರದೇ ಎಂದು ಖಚಿತವಾಗಿರುವ ಭಾಷ್ಯಗಳಲ್ಲಿ ಮಠದ ಮಾತಿಲ್ಲ. ದಕ್ಷಿಣದ ಪೀಠಕ್ಕೆ ಅರಸರ ದತ್ತಿಶಾಸನಗಳು ದೊಡ್ಡದಾಗಿ ಕಾಣಿಸುವುದು ಅವರಿಗಿಂತ ಎಷ್ಟೋ ಶತಮಾನ ಈಚೆಗೆ, ಹದಿನಾಲ್ಕನೇ ಶತಮಾನದಲ್ಲಿ. ಯಾವ ಶಿಷ್ಯ ಯಾವ ದಿಕ್ಕಿಗೆ ಎಂಬುದರಲ್ಲಿ ಪಟ್ಟಿಗಳಲ್ಲೇ ಒಮ್ಮತವಿಲ್ಲ. ಉತ್ತರದ ಪೀಠವಂತೂ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಖಾಲಿ ಬಿದ್ದಿತ್ತು.

ಆದರೂ ಪೀಠಗಳು ಕಟ್ಟಿದ್ದು ಸಣ್ಣ ಸಂಗತಿಯಲ್ಲ. ಮನೆ ಬಿಟ್ಟು ಒಂಟಿಯಾಗಿ ಅಲೆಯುತ್ತಿದ್ದ ಸಂನ್ಯಾಸಿಗೆ ಒಂದು ವಿಳಾಸ ಸಿಕ್ಕಿತು. ಉಪನಿಷತ್ತು, ಗೀತೆ, ಬ್ರಹ್ಮಸೂತ್ರಗಳನ್ನು ಆಚಾರ್ಯರ ಭಾಷ್ಯದೊಂದಿಗೆ ಓದಿಸುವ ಪಾಠಶಾಲೆ, ಗ್ರಂಥಭಂಡಾರ, ವಿದ್ವತ್ಸಭೆ, ದೇವಸ್ಥಾನಗಳ ಮೇಲ್ವಿಚಾರಣೆ, ಶಾಖೆಗಳು, ಭೂಮಿ, ಮುದ್ರೆಯೊತ್ತಿದ ಆಜ್ಞಾಪತ್ರ, ಎಲ್ಲ ಬೆಳೆದವು. ಅದ್ವೈತವನ್ನು ಖಂಡಿಸಿದ ಸಂಪ್ರದಾಯಗಳೂ ತಮ್ಮದೇ ಮಠ, ತಮ್ಮದೇ ಪೀಠ, ತಮ್ಮದೇ ಪರಂಪರೆಯ ಪಟ್ಟಿ ಇಟ್ಟುಕೊಂಡೇ ವಾದಕ್ಕೆ ನಿಂತವು. ಯಾರ ಮಾತು ಶಾಸ್ತ್ರ ಎಂಬ ಪ್ರಶ್ನೆಗೆ ಉತ್ತರ ಬರುಬರುತ್ತಾ ಯಾರು ಯಾರಿಂದ ಉಪದೇಶ ಪಡೆದರು ಎಂಬ ಪಟ್ಟಿಯಲ್ಲಿ ಕೂತಿತು. ಪೀಠಗಳ ಕಟ್ಟಳೆ ಎಂದು ಆಚಾರ್ಯರ ಹೆಸರಿನಲ್ಲಿ ಓದುವ ಚಿಕ್ಕ ಪಠ್ಯದಲ್ಲಿ ಇನ್ನೂ ಖಾರವಾದ ಮಾತಿದೆ: ಪೀಠದಲ್ಲಿ ಕೂತವನಿಗೆ ಶುಚಿತ್ವ, ಇಂದ್ರಿಯನಿಗ್ರಹ, ವೇದದ ಓದು ಇರಬೇಕು, ಇಲ್ಲದಿದ್ದರೆ ಕೂತಿದ್ದರೂ ತಿಳಿದವರು ಅವನನ್ನು ತಡೆಯಬಹುದು. ಬ್ರಹ್ಮವೊಂದೇ ಸತ್ಯವೆಂದ ಸಿದ್ಧಾಂತ ಇಷ್ಟು ಕಡತ ಇಟ್ಟುಕೊಂಡಿದೆಯಲ್ಲ ಎಂದು ನನಗೆ ನಗು ಬಂದದ್ದುಂಟು. ಈ ಕೋಣೆಯಲ್ಲಿ ಒಂದು ವಾರ ಕೂತ ಮೇಲೆ ಆ ನಗು ಉಳಿಯಲಿಲ್ಲ.

ಗೋಂದಕ್ಕನ ಮಠ ಚಿಕ್ಕದು. ದಕ್ಷಿಣ ಪೀಠದ ಶಾಖೆ ಎಂದು ಕೆಲವರು, ಇಲ್ಲ, ನೇರ ಪರಂಪರೆಯ ಸ್ವತಂತ್ರ ಮಠ ಎಂದು ಕೆಲವರು. ಸ್ವತಂತ್ರ ಎನ್ನುವವರ ಕೈಯಲ್ಲಿದ್ದ ದೊಡ್ಡ ಆಧಾರ ಮಠದ ಹಳೆಯ ದಾಖಲೆ ಪುಸ್ತಕ, ಅಂದರೆ ದಫ್ತರ. ಅದರ ಪ್ರಕಾರ ಈ ಮಠದ ಮೊದಲ ಗುರುಗಳು ತೀರಿಕೊಂಡ ಪ್ಲವ ಸಂವತ್ಸರದಲ್ಲೇ ಎರಡನೆಯವರು ಪೀಠವೇರಿದ್ದಾರೆ. ಎಲ್ಲೂ ಬಿಡುವಿಲ್ಲ, ಯಾರ ಅಪ್ಪಣೆಯೂ ಇಲ್ಲ. ಆ ಎರಡನೆಯ ಗುರುಗಳು ಎಂಬತ್ತೊಂಬತ್ತು ವರ್ಷ ಪೀಠದಲ್ಲಿದ್ದರು. ಅವರ ದೀರ್ಘಾಯುಷ್ಯ ತಪಸ್ಸಿನ ಫಲವೆಂದು ಸಭೆಗಳಲ್ಲಿ ಭಾಷಣವಾಗುತ್ತದೆ. ಬೆಳಗಿನ ಸ್ತೋತ್ರದಲ್ಲಿ ಗೋಂದಕ್ಕನ ತುಟಿ ಬಿಗಿಯುವುದು ಇವರ ಹೆಸರಿಗೆ.

ಆ ಪೀಠಾರೋಹಣ ಬರೆದಿರುವ ಹಾಳೆ ಇಪ್ಪತ್ತೆರಡು ವರ್ಷದ ಹಿಂದೆ ದಫ್ತರದಿಂದ ಕಳಚಿ, ಪೆಟ್ಟಿಗೆಯ ತಳದಲ್ಲಿ ಸಿಕ್ಕಿತ್ತು. ಶಕವರ್ಷದ ಅಂಕೆಯಿದ್ದ ಮೂಲೆ ಪುಡಿಯಾಗಿತ್ತು. ಉಳಿದದ್ದು ಸಂವತ್ಸರದ ಹೆಸರು, ತಿಂಗಳು, ತಿಥಿ. ಶಾಸ್ತ್ರಿಗಳು ಓದಿ, ಪ್ಲವ ಸಂವತ್ಸರ ಅಂದಮೇಲೆ ಮೊದಲ ಗುರುಗಳು ತೀರಿಕೊಂಡ ಪುಟದ ಮುಂದೆಯೇ ಇದರ ಜಾಗ ಎಂದರು. ಗೋಂದಕ್ಕ ಅಂಚಿಗೆ ಐದು ತೂತು ಮಾಡಿ ಅಲ್ಲಿ ಹೊಲಿದರು. ಅರವತ್ತು ಸಂವತ್ಸರ ಕಳೆದರೆ ಮತ್ತೆ ಅದೇ ಹೆಸರಿನ ವರ್ಷ ಬರುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆದರೆ ಆ ದಿನ ಇಬ್ಬರಿಗೂ ಹೊಳೆಯಲಿಲ್ಲ.

ಈಗ ಮಠ ಗುರುಪರಂಪರೆಯ ಸಂಪುಟ ಅಚ್ಚು ಮಾಡಿಸುತ್ತಿದೆ. ಸ್ಕ್ಯಾನ್ ಮಾಡಲು ದಫ್ತರದ ಹೊಲಿಗೆ ಬಿಚ್ಚಿ ಹಾಳೆಗಳನ್ನು ಬಿಡಿಬಿಡಿಯಾಗಿ ಬೆಳಕಿನ ಮೇಜಿನ ಮೇಲೆ ಇಡಬೇಕಾಯಿತು. ಅವರು ನನಗೆ ತೋರಿಸಿದ್ದು ಇದನ್ನೇ.

"ಹುಳ ಪುಟ ಓದಲ್ಲ ನೋಡಿ, ನೇರವಾಗಿ ಕೊರ್ಕೊಂಡು ಹೋಗುತ್ತೆ," ಎನ್ನುತ್ತಾರೆ. "ಒಂದು ಹಾಳೇಲಿ ತೂತಿದ್ರೆ ಪಕ್ಕದ್ದರಲ್ಲೂ ಅದೇ ಜಾಗದಲ್ಲಿ ಇರ್ಬೇಕು. ಇದ್ರಲ್ಲಿ ಏಳು ತೂತಿವೆ. ನಾನು ಹೊಲಿದಿದ್ನಲ್ಲ, ಅಲ್ಲಿ ಹಿಂದು ಮುಂದಿನ ಹಾಳೆಲಿ ಒಂದೂ ಇಲ್ಲ. ಎಲ್ಲಿವೆ ಗೊತ್ತಾ?" ಅದೇ ದಫ್ತರದ ಬೇರೊಂದು ಕಟ್ಟಿನಿಂದ ಎರಡು ಹಾಳೆ ತೆಗೆದು ಮೇಲೆ ಕೆಳಗೆ ಇಡುತ್ತಾರೆ. ಏಳೂ ತೂತಿನಿಂದ ಬೆಳಕು ನೇರವಾಗಿ ಮೇಲೆ ಬರುತ್ತದೆ. ಆ ಹಾಳೆಗಳು ಅರವತ್ತು ವರ್ಷ ಈಚಿನವು. ಕೆಳಗಿನದು ಅರ್ಧ ವಾಕ್ಯದಿಂದ ಶುರುವಾಗುತ್ತದೆ. ಹಿಂದಿನ ಹಾಳೆ ಕಳೆದುಹೋಗಿದೆ ಎಂದೇ ಎಲ್ಲರೂ ತಿಳಿದಿದ್ದರು. ಈಗ ಎರಡನ್ನೂ ಸೇರಿಸಿ ಓದಿದರೆ ಹೀಗೆ: ಪ್ಲವ ಸಂವತ್ಸರದಲ್ಲಿ ಪೀಠವೇರಿದ ಗುರುಗಳು ದಕ್ಷಿಣ ಪೀಠದ ಅಪ್ಪಣೆಯಿಂದ ಬಂದವರು, ಅದಕ್ಕೆ ಮೊದಲು ಬಹುಕಾಲ ಇಲ್ಲಿ ದೀಪ ಉರಿಯುತ್ತಿತ್ತು, ಗುರುಗಳಿರಲಿಲ್ಲ.

ನಡುವಿನ ಅರವತ್ತು ವರ್ಷದ ಪುಟಗಳಲ್ಲಿ ಮಠದ ಆಡಳಿತ ನೋಡುತ್ತಿದ್ದ ಪಾರುಪತ್ಯಗಾರರ ಬರಹ ಮಾತ್ರ ಇದೆ. ಗುರುಗಳ ಸಹಿ ಇಲ್ಲ. ಗುರುಗಳು ಮೌನವ್ರತದಲ್ಲಿದ್ದರು ಎಂದು ಜನ ಅರ್ಥ ಮಾಡಿಕೊಂಡಿದ್ದರು. ಎಂಬತ್ತೊಂಬತ್ತು ವರ್ಷದ ಪವಾಡದಲ್ಲಿ ಅರವತ್ತು ವರ್ಷ ಗೋಂದಕ್ಕನ ದಾರದ್ದು. ಹಳೆಯ ಪಟ್ಟಿಗಳಲ್ಲಿ ಇಂಥ ದೀರ್ಘಾಯುಗಳು ಅಪರೂಪವೇನಲ್ಲ, ಹಾಗಾಗಿ ಯಾರೂ ಹುಬ್ಬೇರಿಸಿರಲಿಲ್ಲ. "ಹೇಳಿದ್ದು ಶಾಸ್ತ್ರಿಗಳು. ಸೂಜಿ ಹಿಡ್ದಿದ್ದು ನಾನು. ಆಗ ತೂತು ಹೊಂದಿಸಿ ನೋಡ್ಲಿಲ್ಲ. ಹೋದವ್ರ ತಲೆಗೆ ಕಟ್ಟೋಕಾಗುತ್ತಾ?"

ಇದನ್ನು ಬಾಯಿಬಿಟ್ಟರೆ ಏನಾಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಸ್ವಾಮಿಗಳಿಗೆ ಎಂಬತ್ತೊಂದು. ಹೃದಯ ಸರಿಯಿಲ್ಲ. ಆರಿಸಿದ ಶಿಷ್ಯ ಸಿದ್ಧನಿದ್ದಾನೆ, ಮುಂದಿನ ತಿಂಗಳು ಅವನಿಗೆ ಸಂನ್ಯಾಸ, ಕೂಡಲೇ ಉತ್ತರಾಧಿಕಾರ. ದಕ್ಷಿಣ ಪೀಠವನ್ನು ಕೇಳುವ ಅಗತ್ಯವಿಲ್ಲ ಎಂದು ಆಡಳಿತ ಮಂಡಳಿ ತೀರ್ಮಾನಿಸಿರುವುದು ಈ ಪಟ್ಟಿಯ ಬಲದ ಮೇಲೆಯೇ. ಹಾಳೆ ಜಾಗ ಬದಲಿಸಿದರೆ ಕೇಳಬೇಕಾಗುತ್ತದೆ. ಕೇಳಿದರೆ ಉತ್ತರ ಬರಲು ಎಷ್ಟು ದಿನವೋ. ಅಷ್ಟರಲ್ಲಿ ಸ್ವಾಮಿಗಳಿಗೆ ಏನಾದರೂ ಆದರೆ ಪೀಠ ಮತ್ತೆ ಖಾಲಿ.

"ಒಂದು ಸಲ ಖಾಲಿ ಇತ್ತು ಅಂತ ಹೇಳೋಕೆ ಹೋಗಿ ಇನ್ನೊಂದು ಸಲ ಖಾಲಿ ಮಾಡಿಬಿಟ್ರೆ?" ಎಂದು ಕೇಳುತ್ತಾರೆ. ನಾನು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾ ಕೂರುತ್ತೇನೆ.

ಸಂಜೆ ಅವರ ಮನೆಯಲ್ಲಿ ತಂಗಿ ಚಹಾ ಕೊಡುತ್ತಾರೆ. ಪರದೆ ಹೊಲಿಯುವ ಕೆಲಸ ಅವರದು, ನಡುಮನೆಯ ತುಂಬ ಬಟ್ಟೆಯ ರಾಶಿ. ಅಕ್ಕನ ಸಂಕಟ ಅವರಿಗೆ ನಾಲ್ಕು ದಿನದಿಂದ ಗೊತ್ತು.

"ಮೂರು ದಿನದಿಂದ ಸಾರಿಗೆ ಉಪ್ಪು ಹಾಕೋದು ಮರೀತಿದ್ದಾಳೆ," ಎನ್ನುತ್ತಾರೆ ನನ್ನತ್ತ ತಿರುಗಿ. ಆಮೇಲೆ ಅಕ್ಕನಿಗೆ, "ಯಾರಿಗೂ ಕಾಣದೇ ಇರೋ ತೂತು ಕಣೇ ಅದು. ಹೊಲ್ದು ಸುಮ್ನಿದ್ಬಿಡು. ನಿನ್ನ ಕೆಲ್ಸದಿಂದ ತೆಗೆದ್ರೆ ಈ ಬೆರಳು ಇಟ್ಕೊಂಡು ಎಲ್ಲಿಗೆ ಹೋಗ್ತೀಯ?"

"ನನಗೆ ಕಂಡಿದ್ಯಲ್ಲ."

"ನಿನ್ನ ಕಣ್ಣಿಗೆ ಪೊರೆ ಬಂದಿದೆ ಅಂತ ಡಾಕ್ಟ್ರು ಹೇಳಿದ್ರು. ಅದು ಇಂಥದ್ದಕ್ಕೆಲ್ಲ ಉಪಯೋಗಕ್ಕೆ ಬರಲ್ವಲ್ಲ," ಎಂದು ತಂಗಿ ಗೊಣಗುತ್ತಾರೆ. ಇಬ್ಬರೂ ನಗುತ್ತಾರೆ, ಆದರೆ ನಗು ಅರ್ಧಕ್ಕೇ ನಿಲ್ಲುತ್ತದೆ.

ಗುರುವಾರ ಗೋಂದಕ್ಕ ಮಠದ ಮ್ಯಾನೇಜರ ಕೋಣೆಗೆ ಹೋಗುತ್ತಾರೆ. ನಾನು ಜೊತೆಗಿದ್ದೇನೆ. ಮ್ಯಾನೇಜರು ಕೆಟ್ಟವರಲ್ಲ, ಹೆದರಿದವರು. ಅವರ ಮೇಜಿನ ಮೇಲೆ ಆ ದಿನದ ಹದಿನಾಲ್ಕು ಪತ್ರಗಳಿವೆ. ಗಂಡುಮಕ್ಕಳಿಲ್ಲದ ತಂದೆಗೆ ಮಗಳು ಅಂತ್ಯಕ್ರಿಯೆ ಮಾಡಬಹುದೇ ಎಂದು ಒಬ್ಬರು ಕೇಳಿದ್ದಾರೆ. ಇಬ್ಬರು ಅರ್ಚಕರ ಸರದಿಯ ಜಗಳ ಇನ್ನೊಂದರಲ್ಲಿದೆ. ಸ್ವಾಮಿಗಳು ಪಂಡಿತರೊಂದಿಗೆ ಕೂತು ಉತ್ತರ ಹೇಳುತ್ತಾರೆ, ಇವರು ಬರೆದು ಮುದ್ರೆ ಒತ್ತುತ್ತಾರೆ.

ಮ್ಯಾನೇಜರು ಹಾಳೆ ನೋಡಿ ಮುದ್ರೆಯನ್ನು ಕೈಗೆತ್ತಿಕೊಳ್ಳುತ್ತಾರೆ. "ಅಕ್ಕಾ, ಈ ಮುದ್ರೆಗೆ ಬೆಲೆ ಇರೋದು ಆ ಪಟ್ಟಿಯಿಂದ. ಪಟ್ಟಿ ಕಿತ್ತು ಹೋದ್ರೆ ಈ ಜನಕ್ಕೆಲ್ಲ ನಾವು ಏನಂತ ಉತ್ತರ ಕೊಡೋದು? ಶನಿವಾರ ಪುಟಗಳು ಅಚ್ಚಿಗೆ ಹೋಗ್ತಿವೆ. ಆಮಂತ್ರಣ ಹಂಚಿ ಆಗಿದೆ."

"ಪಟ್ಟಿ ಕೀಳ್ತಿಲ್ಲ ಸಾರ್. ಹಾಳೆ ಅದರ ಜಾಗಕ್ಕೆ ಹೋಗುತ್ತೆ ಅಷ್ಟೇ."

"ಹುಳದ ಮಾತು ಕೇಳಿ ಪರಂಪರೆ ತಿದ್ದೋಕಾಗುತ್ತಾ? ನೀವು ಅದನ್ನ ಇದ್ದ ಹಾಗೇ ಹೊಲ್ದುಬಿಡಿ. ಕೋಣೆ ಬೀಗದ ಕೈ ಸದ್ಯಕ್ಕೆ ನನ್ನ ಹತ್ರ ಇರ್ಲಿ."

ಗೋಂದಕ್ಕ ಸೆರಗಿನ ತುದಿಯಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲೆ ಇಡುತ್ತಾರೆ. ಮೂರು ಹಾಳೆಗಳನ್ನು ಮಾತ್ರ ಇಡುವುದಿಲ್ಲ. ರಟ್ಟಿನ ನಡುವೆ ಎದೆಗವಚಿಕೊಂಡು ಮೆಟ್ಟಿಲಿಳಿದು ನೇರವಾಗಿ ಸ್ವಾಮಿಗಳ ಪಾಠದ ಕೋಣೆಯ ಬಾಗಿಲಿಗೆ ಹೋಗುತ್ತಾರೆ. ಇಪ್ಪತ್ನಾಲ್ಕು ವರ್ಷದಲ್ಲಿ ಅವರು ಕರೆಯದೆ ಆ ಹೊಸಿಲು ದಾಟಿದ್ದಿಲ್ಲ. ಮ್ಯಾನೇಜರೂ ಹಿಂದೆಯೇ ಬರುತ್ತಾರೆ, ತಡೆಯಲು ಧೈರ್ಯವಾಗದೆ.

ಸ್ವಾಮಿಗಳು ಆರು ಜನ ವಿದ್ಯಾರ್ಥಿಗಳಿಗೆ ಭಾಷ್ಯ ಹೇಳುತ್ತಿದ್ದಾರೆ. ಮಾತು ಉಸಿರಿಗೆ ಸಿಕ್ಕಿ ನಿಂತು ನಿಂತು ಬರುತ್ತದೆ. ಗೋಂದಕ್ಕ ನೆಲಕ್ಕೆ ನಮಸ್ಕರಿಸಿ, ಕಿಟಕಿಯ ಬೆಳಕಿಗೆ ಹಾಳೆಗಳನ್ನು ಜೋಡಿಸಿ ಹಿಡಿಯುತ್ತಾರೆ. ತೂತುಗಳು ಸರಿಯುತ್ತವೆ. ಮತ್ತೆ ಹೊಂದಿಸುತ್ತಾರೆ. "ಗುರುಗಳೇ, ನಾನು ಹೊಲ್ದಿದ್ದು ತಪ್ಪಾಗಿದೆ. ಇಪ್ಪತ್ತೆರಡು ವರ್ಷದಿಂದ ನೀವು ಬೆಳಗ್ಗೆ ಹೇಳ್ತಿರೋದು ನನ್ನ ತಪ್ಪನ್ನ."

ಸ್ವಾಮಿಗಳು ಹಾಳೆಗಳನ್ನು ತಾವೇ ಹಿಡಿದು ನೋಡುತ್ತಾರೆ. ಎರಡು ಸಲ ಓದುತ್ತಾರೆ. ಮ್ಯಾನೇಜರು ಆಮಂತ್ರಣದ ಮಾತು ಎತ್ತುತ್ತಾರೆ, ಶಿಷ್ಯನ ಸಂನ್ಯಾಸ ನಿಲ್ಲುವುದೇ ಎಂದು ಕೇಳುತ್ತಾರೆ.

"ಸಂನ್ಯಾಸ ಕೊಡೋಕೆ ನಾವು ಸಾಕು. ಅದು ನಿಲ್ಲೋದಿಲ್ಲ," ಎನ್ನುತ್ತಾರೆ ಸ್ವಾಮಿಗಳು. "ಪೀಠ ಕೊಡೋಕೆ, ನಮಗೆ ಕೊಟ್ಟವ್ರನ್ನ ಕೇಳ್ಬೇಕು. ಇವತ್ತೇ ದಕ್ಷಿಣ ಪೀಠಕ್ಕೆ ಬರೀರಿ. ಹಾಳೆಗಳ ಚಿತ್ರನೂ ಕಳಿಸಿ."

"ಅವ್ರು ತಡ ಮಾಡಿದ್ರೆ, ಗುರುಗಳೇ? ಬೇರೆಯವ್ರನ್ನ ಕಳಿಸ್ತೀವಿ ಅಂದ್ರೆ?"

"ಅರವತ್ತು ವರ್ಷ ಯಾರೂ ಇಲ್ದೇನೂ ಯಾರೋ ದೀಪ ಹಚ್ಚಿದ್ರಲ್ಲ. ನಾವು ಅವ್ರನ್ನೇ ಮರೆತಿದ್ವಿ." ಸ್ವಾಮಿಗಳು ಹಾಳೆಗಳನ್ನು ಗೋಂದಕ್ಕನ ಕೈಗೆ ಮರಳಿಸುತ್ತಾರೆ. "ಸಂಪುಟದಲ್ಲಿ ಆ ಜಾಗದಲ್ಲಿ ಪೀಠ ಖಾಲಿ ಇತ್ತು ಅಂತಲೇ ಅಚ್ಚಾಗ್ಲಿ. ಬೀಗದ ಕೈ ಅಮ್ಮನಿಗೆ ವಾಪಸ್ ಕೊಡಿ."

ಇನ್ನು ಬರೀರಿ ಎಂದು ಗೋಂದಕ್ಕ ಹೇಳಿದ್ದಾರೆ. ಇದೆಲ್ಲ ಸುಖವಾಗಿ ಮುಗಿಯಿತು ಎಂದು ಬರೆಯಲು ನನಗೂ ಆಸೆ. ಆದರೆ ನಾನು ಇದನ್ನು ಬರೆಯುತ್ತಿರುವ ಹೊತ್ತಿಗೆ ಹದಿನೇಳು ದಿನ ಕಳೆದಿವೆ, ದಕ್ಷಿಣ ಪೀಠದಿಂದ ಉತ್ತರ ಬಂದಿಲ್ಲ. ಸ್ವಾಮಿಗಳು ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದು ಬಂದಿದ್ದಾರೆ. ಮೆಟ್ಟಿಲ ಮೇಲೆ ಕೆಲವು ಭಕ್ತರು ಗೋಂದಕ್ಕನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಒಬ್ಬರು ಎದುರಿಗೇ ಹೇಳಿದರಂತೆ, ಪೀಠ ಬರಿದಾದರೆ ನಿಮ್ಮ ಕೈಯಿಂದಲೇ ಎಂದು. ಅಂಚೆಯವನು ಬರುವ ಹೊತ್ತಿಗೆ ಅವರು ಕಿಟಕಿಯ ಹತ್ತಿರ ಏನಾದರೂ ಕೆಲಸ ಹುಡುಕಿಕೊಳ್ಳುತ್ತಾರೆ. ಅವನು ದಾಟಿ ಹೋದ ಮೇಲೆ ಮೇಜಿಗೆ ಮರಳುತ್ತಾರೆ. ಬೆಳಗಿನ ಸ್ತೋತ್ರ ಮಾತ್ರ ಬದಲಾಗಿದೆ. ಮಠದ ಮೊದಲ ಗುರುಗಳ ಹೆಸರಾದ ಮೇಲೆ ಹೇಳುವವರು ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಬೇಕೆಂದು ಸ್ವಾಮಿಗಳ ಅಪ್ಪಣೆಯಾಗಿದೆ.

ಇವತ್ತು ಗೋಂದಕ್ಕ ದಫ್ತರವನ್ನು ಮರಳಿ ಹೊಲಿಯುತ್ತಿದ್ದಾರೆ. ಹಾಳೆಯ ಇನ್ನೊಂದು ಅಂಚಿಗೆ ಹೊಸ ಕಾಗದದ ಪಟ್ಟಿ ಅಂಟಿಸಿ, ಸರಿಯಾದ ಜಾಗದಲ್ಲಿ ಇಟ್ಟು, ಸೂಜಿಗೆ ದಾರ ಪೋಣಿಸುತ್ತಾರೆ. ಕಣ್ಣಿನ ಪೊರೆಯಿಂದ ಮೂರು ಸಲ ತಪ್ಪಿ ನಾಲ್ಕನೆಯದಕ್ಕೆ ದಾರ ಒಳಗೆ ಹೋಗುತ್ತದೆ. ಹಿಂದೆ ತಪ್ಪಿ ಹೊಲಿದಾಗ ಮಾಡಿದ ಐದು ತೂತುಗಳು ಹಾಳೆಯ ಹಳೆಯ ಅಂಚಿನಲ್ಲಿ ಸಾಲಾಗಿ ಹಾಗೇ ಇವೆ. ತೆಳು ಕಾಗದ ಪಕ್ಕದಲ್ಲೇ ಇದೆ, ಗಂಜಿಯೂ ಹದವಾಗಿದೆ. ಅಷ್ಟು ಮುಚ್ಚಲು ಅವರಿಗೆ ಕಾಲು ಗಂಟೆ ಸಾಕು. ಯಾಕೆ ಮುಚ್ಚುವುದಿಲ್ಲ ಎಂದು ಕೇಳುತ್ತೇನೆ.

"ಮುಚ್ಚಿದ್ರೆ ನಾನು ಯಾವತ್ತೂ ತಪ್ಪೇ ಮಾಡಿಲ್ಲ ಅನ್ನೋ ಹಾಗಾಗುತ್ತೆ," ಎನ್ನುತ್ತಾರೆ, ಹೊಲಿಗೆಯಿಂದ ತಲೆಯೆತ್ತದೆ. "ನನ್ನಾದ್ಮೇಲೆ ಈ ಮೇಜಿಗೆ ಯಾರೋ ಬರ್ತಾರಲ್ಲ, ಅವ್ರು ಇದನ್ನ ನೋಡಿ, ಇಲ್ಲಿದ್ದವಳು ಒಂದ್ಸಲ ಬಿಚ್ಚಿ ಹೊಲ್ದಿದ್ದಾಳೆ ಅಂತ ತಿಳ್ಕೊಳ್ಲಿ. ನನ್ನ ಹೆಸ್ರು ಎಲ್ಲೂ ಬೇಡ, ಅಷ್ಟು ಗೊತ್ತಾದ್ರೆ ಸಾಕು."